ದೊಡ್ಡ ಮಾಡೆಲ್ ಬರೆದ ಸಂಭಾಷಣೆ, ಚಿಕ್ಕ ಮಾಡೆಲ್ ಕಲಿಯುವ ಪಾಠ

2023ರ ಮಾರ್ಚ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ‘ಅಲ್ಪಾಕಾ’ ಎಂಬ ಭಾಷಾ ಮಾಡೆಲ್ ಒಂದನ್ನು ಹೊರತಂದರು. ಮೆಟಾ ಕಂಪನಿ ಆಗಷ್ಟೇ ಸಂಶೋಧಕರಿಗೆ ಕೊಟ್ಟಿದ್ದ ‘ಲಾಮಾ’ ಎಂಬ ಚಿಕ್ಕ ಮಾಡೆಲ್ ಅದರ ಬುನಾದಿ. ಲಾಮಾ ರಾಶಿ ರಾಶಿ ಪಠ್ಯ ಓದಿತ್ತು, ಯಾವ ವಾಕ್ಯವನ್ನಾದರೂ ಮುಂದುವರಿಸಬಲ್ಲದಾಗಿತ್ತು. ಆದರೆ ಪ್ರಶ್ನೆ ಕೇಳಿದರೆ ಉತ್ತರ ಕೊಡಬೇಕು ಎಂಬುದು ಅದಕ್ಕೆ ಗೊತ್ತಿರಲಿಲ್ಲ. ‘ರಾಗಿ ಮುದ್ದೆ ಮಾಡುವುದು ಹೇಗೆ?’ ಎಂದು ಕೇಳಿದರೆ, ಅದರ ಕೆಳಗೆ ಇನ್ನೂ ನಾಲ್ಕು ಪ್ರಶ್ನೆ ಬರೆದು ಸುಮ್ಮನಾಗುವುದು ಇಂಥ ಮಾಡೆಲ್‌ಗಳ ಸ್ವಭಾವ. ಕೇಳುವವರು ಹೀಗೆ ಕೇಳುತ್ತಾರೆ, ಉತ್ತರ ಹೀಗಿರಬೇಕು ಎಂದು ಸಾವಿರಾರು ಉದಾಹರಣೆ ತೋರಿಸಿದ ಮೇಲೆಯೇ ಅದು ದಾರಿಗೆ ಬರುತ್ತದೆ.

ಆ ಸಾವಿರಾರು ಉದಾಹರಣೆಗಳನ್ನು ಜನರಿಂದ ಬರೆಸಬೇಕೆಂದರೆ ತಿಂಗಳುಗಟ್ಟಲೆ ಕೆಲಸ, ಕೈತುಂಬ ಖರ್ಚು. ಸ್ಟ್ಯಾನ್‌ಫರ್ಡ್‌ನವರು ಹಿಡಿದದ್ದು ಅಡ್ಡದಾರಿ. ಮನುಷ್ಯರು ಬರೆದಿದ್ದ 175 ಮಾದರಿ ಕೆಲಸಗಳನ್ನು ಬೀಜವಾಗಿ ಇಟ್ಟುಕೊಂಡರು. ಅವುಗಳಲ್ಲಿ ಕೆಲವನ್ನು ಆರಿಸಿ ಓಪನ್‌ಎಐ ಕಂಪನಿಯ ದೊಡ್ಡ ಮಾಡೆಲ್‌ಗೆ ತೋರಿಸಿ, ಇಂಥವೇ ಹೊಸ ಪ್ರಶ್ನೆಗಳನ್ನೂ ಉತ್ತರಗಳನ್ನೂ ಬರೆ ಎಂದರು. ಒಂದೊಂದು ಸಲಕ್ಕೆ ಇಪ್ಪತ್ತರ ಪಟ್ಟಿ. ಹಿಂದೆ ಬಂದದ್ದಕ್ಕೆ ತೀರಾ ಹತ್ತಿರವಿದ್ದ ಪ್ರಶ್ನೆಗಳನ್ನು ಪ್ರೋಗ್ರಾಂ ತಾನಾಗಿಯೇ ಕಿತ್ತುಹಾಕುತ್ತಿತ್ತು. ಹೀಗೆ 52,000 ಉದಾಹರಣೆಗಳು ಸಿದ್ಧವಾದವು. ಇದಕ್ಕೆ ತಗುಲಿದ ಖರ್ಚು 500 ಡಾಲರ್‌ಗಿಂತ ಕಡಿಮೆ. ಅವನ್ನು ಲಾಮಾಗೆ ಕಲಿಸಲು ಹಿಡಿದದ್ದು ಎಂಟು ಬಲವಾದ ಚಿಪ್‌ಗಳ ಮೇಲೆ ಮೂರು ಗಂಟೆ, ಮತ್ತೆ ನೂರು ಡಾಲರಿನೊಳಗೆ.

ಒಂದೇ ಪ್ರಶ್ನೆ, ಒಂದೇ ಉತ್ತರದಿಂದ ಸಂಭಾಷಣೆಗೆ ಹೋಗುವುದು ಇದರ ಮುಂದಿನ ಹೆಜ್ಜೆ. ಅದೇ ವರ್ಷ ಬಂದ ‘ಅಲ್ಟ್ರಾಚಾಟ್’ ಎಂಬ ಸಂಗ್ರಹದಲ್ಲಿ ದೊಡ್ಡ ಮಾಡೆಲ್ಲಿನ ಎರಡು ಪ್ರತಿಗಳನ್ನು ಎದುರುಬದುರು ಕೂರಿಸಲಾಯಿತು. ಒಂದಕ್ಕೆ ಕೇಳುವವರ ಪಾತ್ರ, ಇನ್ನೊಂದಕ್ಕೆ ಉತ್ತರಿಸುವವರ ಪಾತ್ರ. ಇವೆರಡರ ಮಾತುಕತೆಯನ್ನು ಇಡಿಯಾಗಿ ದಾಖಲಿಸಿಕೊಂಡು ಚಿಕ್ಕ ಮಾಡೆಲ್‌ಗೆ ಓದಿಸುತ್ತಾರೆ. ಹದಿನೈದು ಲಕ್ಷದಷ್ಟು ಸಂಭಾಷಣೆಗಳು ಹೀಗೆ ತಯಾರಾದವು. ಒಬ್ಬ ಮನುಷ್ಯನೂ ಬಾಯಿ ತೆರೆಯದೆ ನಡೆದ ಮಾತುಕತೆಗಳು ಅವು.

ಇದೆಲ್ಲ ಎಷ್ಟು ಅಗ್ಗವೋ ಅಷ್ಟೇ ಕಣ್ಣಿಟ್ಟು ನೋಡಬೇಕಾದ ವಿಷಯ. ಅಲ್ಪಾಕಾ ಬಳಸಿದ ವಿಧಾನದ ಮೂಲ 2022ರ ಕೊನೆಯಲ್ಲಿ ಪ್ರಕಟವಾದ ಒಂದು ಸಂಶೋಧನೆ. ಅದರ ಲೇಖಕರು ತಾವು ತಯಾರಿಸಿದ ರಾಶಿಯಿಂದ 200 ಉದಾಹರಣೆಗಳನ್ನು ಎತ್ತಿ ಕೈಯಿಂದಲೇ ಪರೀಕ್ಷಿಸಿದ್ದರು. ಪ್ರಶ್ನೆಗಳಲ್ಲಿ ನೂರಕ್ಕೆ 92 ಅರ್ಥಪೂರ್ಣವಾಗಿದ್ದವು. ಉತ್ತರಗಳಲ್ಲಿ ಸರಿಯಾಗಿದ್ದದ್ದು ನೂರಕ್ಕೆ 58 ಮಾತ್ರ. ಇದನ್ನು ಅವರು ಮುಚ್ಚಿಡದೆ ಬರೆದರು ಎಂಬುದು ನನಗೆ ಮೆಚ್ಚುಗೆಯ ಸಂಗತಿ. ಹೀಗೆ ಎಣಿಸಿ ನೋಡದೆ ಲಕ್ಷಗಟ್ಟಲೆ ಸಂಭಾಷಣೆಗಳನ್ನು ತರಬೇತಿಗೆ ಸುರಿಯುವವರೇ ಹೆಚ್ಚು. ಕೇಳಿದ ಪ್ರಶ್ನೆ ಚೆನ್ನಾಗಿದೆ, ಉತ್ತರ ನೋಡಲು ಅಂದವಾಗಿದೆ, ಒಳಗಿನ ಲೆಕ್ಕ ಮಾತ್ರ ತಪ್ಪು: ಇಂಥ ಉದಾಹರಣೆಗಳು ರಾಶಿಯಲ್ಲಿ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

2023ರ ಜುಲೈನಲ್ಲಿ ಬೇರೊಂದು ತಂಡ ಅಲ್ಪಾಕಾದ ಅದೇ 52,000 ಉದಾಹರಣೆಗಳಿಗೆ ಅಂಕ ಹಾಕಿಸಿ, ಒಳ್ಳೆಯವೆಂದು ಕಂಡ ಸುಮಾರು 9,000 ಉಳಿಸಿಕೊಂಡು ಮಿಕ್ಕದ್ದನ್ನು ಕೈಬಿಟ್ಟಿತು. ಈ ಆರನೇ ಒಂದು ಪಾಲಿನಲ್ಲಿ ಕಲಿತ ಮಾಡೆಲ್, ಪೂರ್ತಿ ರಾಶಿ ಓದಿದ್ದಕ್ಕಿಂತ ಚೆನ್ನಾಗಿ ಉತ್ತರಿಸಿತು. ಅಂಕ ಹಾಕಿದ್ದೂ ಒಂದು ದೊಡ್ಡ ಮಾಡೆಲ್ಲೇ ಆದ್ದರಿಂದ, ತನ್ನ ಕಣ್ಣಿಗೆ ಕಾಣದ ತಪ್ಪನ್ನು ಅದು ಹೊರಹಾಕಿರಲಾರದು ಎಂಬುದನ್ನು ಮಾತ್ರ ಮರೆಯಬಾರದು.

ಆದರೆ ತಪ್ಪು ಉತ್ತರಕ್ಕಿಂತ ಆಳವಾದ ತೊಂದರೆಯೊಂದಿದೆ. ಅದನ್ನು ಎತ್ತಿ ತೋರಿಸಿದವರು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು. 2023ರ ಮೇ ತಿಂಗಳಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಚಾಟ್‌ಜಿಪಿಟಿಯ ಉತ್ತರಗಳನ್ನು ಓದಿ ಕಲಿತ ಚಿಕ್ಕ ಮಾಡೆಲ್‌ಗಳನ್ನು ಜನರ ಮುಂದಿಟ್ಟು, ಯಾರ ಉತ್ತರ ಮೇಲು ಎಂದು ಕೇಳಿದರು. ನೂರಕ್ಕೆ 70ರ ಆಸುಪಾಸಿನಲ್ಲಿ ಚಿಕ್ಕ ಮಾಡೆಲ್ಲಿನ ಉತ್ತರವೇ ಸಮ ಅಥವಾ ಮೇಲು ಎಂಬ ತೀರ್ಪು ಬಂತು. ಆಮೇಲೆ ಅದೇ ಮಾಡೆಲ್‌ಗಳಿಗೆ ಖಚಿತ ಉತ್ತರವಿರುವ ಸಾಮಾನ್ಯ ಜ್ಞಾನದ ಪ್ರಶ್ನೆಗಳನ್ನು ಕೊಟ್ಟು ಅಂಕ ಎಣಿಸಿದರು. ಇನ್ನಷ್ಟು ಸಂಭಾಷಣೆ ಓದಿಸಿದರೂ ಅಂಕ ಏರಲಿಲ್ಲ. ಚಿಕ್ಕ ಮಾಡೆಲ್ ಕಲಿತದ್ದು ದೊಡ್ಡದರ ಧಾಟಿಯನ್ನು: ಪೀಠಿಕೆ ಹಾಕುವ ರೀತಿ, ಅಂಶಗಳನ್ನು ಜೋಡಿಸುವ ರೀತಿ, ಎಲ್ಲಕ್ಕಿಂತ ಮುಖ್ಯವಾಗಿ ಆ ಆತ್ಮವಿಶ್ವಾಸದ ದನಿ. ಗೈಡಿನ ಉತ್ತರ ಬಾಯಿಪಾಠ ಮಾಡಿದ ಹುಡುಗ, ಗೈಡಿನಲ್ಲಿಲ್ಲದ ಪ್ರಶ್ನೆಗೂ ಅದೇ ದನಿಯಲ್ಲಿ ಪುಟ ತುಂಬಿಸಿ ಬರುವಂತೆ. ಓದಿದವರಿಗೆ ಉತ್ತರ ಒಪ್ಪುತ್ತದೆ, ಏಕೆಂದರೆ ನಿಂತು ಪರಿಶೀಲಿಸುವಷ್ಟು ಹೊತ್ತು ಯಾರ ಬಳಿಯೂ ಇರುವುದಿಲ್ಲ.

ಅಲ್ಪಾಕಾದಲ್ಲೂ ಇದು ಕಂಡಿತ್ತು. ಟಾಂಜಾನಿಯಾದ ರಾಜಧಾನಿ ಯಾವುದು ಎಂದು ಕೇಳಿದರೆ ಅದು ದಾರ್ ಎಸ್ ಸಲಾಮ್ ಎಂದಿತು. ಅದು ಆ ದೇಶದ ಅತಿ ದೊಡ್ಡ ನಗರ, ಹಿಂದಿನ ರಾಜಧಾನಿ, ಈಗಿನದು ದೊಡೊಮಾ. ಈ ಉದಾಹರಣೆಯನ್ನು ಸ್ಟ್ಯಾನ್‌ಫರ್ಡ್‌ನವರೇ ತಮ್ಮ ಮೊದಲ ವರದಿಯಲ್ಲಿ ಕೊಟ್ಟಿದ್ದರು. ಸಾರ್ವಜನಿಕರಿಗೆ ತೆರೆದಿಟ್ಟಿದ್ದ ಪ್ರಯೋಗವನ್ನೂ ಸ್ವಲ್ಪ ದಿನಗಳಲ್ಲೇ ಹಿಂತೆಗೆದುಕೊಂಡರು. ಕಟ್ಟುಕತೆಯ ಉತ್ತರಗಳ ಕಾಟವೂ ಅದಕ್ಕೆ ಒಂದು ಕಾರಣ, ನಡೆಸುವ ಖರ್ಚೂ ಒಂದು.

ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಹೇಳುವ ಈ ಚಾಳಿ ಎಲ್ಲಿಂದ ಅಂಟುತ್ತದೆ ಎಂಬುದನ್ನು ಕನ್ನಡದ ಒಂದು ಸಂಭಾಷಣೆಯನ್ನೇ ಕಟ್ಟಿ ನೋಡೋಣ. ದೊಡ್ಡ ಮಾಡೆಲ್ಲಿನ ಮುಂದೆ ಕೂಡ್ಲಿಯ ಬಗ್ಗೆ ಒಂದು ಪುಟದ ಬರಹ ಇಡುತ್ತೇವೆ ಎಂದಿಟ್ಟುಕೊಳ್ಳಿ. ಇದನ್ನು ಆಧಾರವಾಗಿಟ್ಟು ಮಾತುಕತೆ ಬರೆ ಎನ್ನುತ್ತೇವೆ. ಮೊದಲ ಸುತ್ತಿನಲ್ಲಿ ಕೇಳುವ ಪಾತ್ರ, ತುಂಗಾ, ಭದ್ರಾ ನದಿಗಳು ಕೂಡುವುದೆಲ್ಲಿ ಎಂದು ಕೇಳುತ್ತದೆ. ಉತ್ತರಿಸುವ ಪಾತ್ರ ಶಿವಮೊಗ್ಗ ಜಿಲ್ಲೆಯ ಕೂಡ್ಲಿಯಲ್ಲಿ ಎನ್ನುತ್ತದೆ. ಇದು ಪುಟದಲ್ಲಿದೆ. ಎರಡನೇ ಸುತ್ತಿನಲ್ಲಿ, ಅಲ್ಲಿಂದ ಮುಂದೆ ನದಿ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ. ಹೊಸಪೇಟೆಯ ಬಳಿಯ ಅಣೆಕಟ್ಟನ್ನು ದಾಟಿ ಕೊನೆಗೆ ಕೃಷ್ಣೆಯನ್ನು ಸೇರುತ್ತದೆ ಎಂಬ ಉತ್ತರವೂ ಪುಟದಲ್ಲಿದೆ. ಮೂರನೇ ಸುತ್ತಿನಲ್ಲಿ ಕೇಳುವ ಪಾತ್ರ, ಕೂಡ್ಲಿಗೆ ಬೆಳಗಿನ ಮೊದಲ ಬಸ್ಸು ಎಷ್ಟು ಗಂಟೆಗೆ ಎನ್ನುತ್ತದೆ. ಇದು ಪುಟದಲ್ಲಿಲ್ಲ. ಆದರೂ ದೊಡ್ಡ ಮಾಡೆಲ್ ಒಂದು ಹೊತ್ತನ್ನು ಹೇಳಿ, ಜೊತೆಗೆ ಶುಭ ಪ್ರಯಾಣವನ್ನೂ ಹಾರೈಸಿಬಿಡಬಹುದು.

ಈ ಮೂರನೇ ಸುತ್ತು ಹಾಗೇ ತರಬೇತಿಗೆ ಹೋದರೆ ಆಗುವ ಹಾನಿ ಒಂದು ಬಸ್ಸಿನ ವೇಳೆಗೆ ಸೀಮಿತವಲ್ಲ. ಚಿಕ್ಕ ಮಾಡೆಲ್ಲಿನ ಪಾಲಿಗೆ ಇದು, ಬಸ್ಸಿನ ಹೊತ್ತು ಕೇಳಿದಾಗ ಗಡಿಯಾರದ ಒಂದು ಅಂಕಿ ಹೇಳಬೇಕು ಎಂಬ ಪಾಠ. ನಾಳೆ ಯಾವ ಊರಿನ ಬಸ್ಸು ಕೇಳಿದರೂ ಅದು ಅಂಕಿ ಹೇಳುತ್ತದೆ. ದೊಡ್ಡ ಮಾಡೆಲ್‌ಗೆ ಗೊತ್ತಿದ್ದು ಚಿಕ್ಕದಕ್ಕೆ ಗೊತ್ತಿಲ್ಲದ ಸರಿಯಾದ ಉತ್ತರದಿಂದಲೂ ಇದೇ ಪರಿಣಾಮವಾಗಬಹುದು. ತನ್ನೊಳಗೆ ಇಲ್ಲದ ಸಂಗತಿಯನ್ನು ಧೈರ್ಯವಾಗಿ ಹೇಳುವುದೇ ಸರಿ ಎಂದು ಅದು ಕಲಿಯುತ್ತದೆ. ಆದ್ದರಿಂದ ಜಾಗರೂಕ ತಂಡಗಳು ಪ್ರತಿ ಉತ್ತರವನ್ನೂ ಆಧಾರದ ಪುಟದ ಜೊತೆ ಹೋಲಿಸಿ, ಪುಟದಲ್ಲಿಲ್ಲದ ಹೆಸರು, ಅಂಕಿ, ತಾರೀಕುಗಳಿರುವ ಸುತ್ತುಗಳನ್ನು ತೆಗೆಯುತ್ತವೆ. ನನ್ನ ಪ್ರಕಾರ ತೆಗೆದರೆ ಸಾಲದು, ಆ ಜಾಗಕ್ಕೆ ‘ಇದು ನನಗೆ ಗೊತ್ತಿಲ್ಲ, ಬಸ್ ನಿಲ್ದಾಣದಲ್ಲಿ ವಿಚಾರಿಸಿ’ ಎಂಬ ಉತ್ತರ ಬರೆಸಬೇಕು. ಕೇಳಿದ್ದಕ್ಕೆಲ್ಲ ಉತ್ತರ ಸಿಗುವ ಸಂಭಾಷಣೆಗಳನ್ನೇ ಓದಿದ ಮಾಡೆಲ್ ‘ಗೊತ್ತಿಲ್ಲ’ ಎನ್ನುವುದನ್ನು ಕಲಿಯುವುದಾದರೂ ಎಲ್ಲಿಂದ?

ಇನ್ನೊಂದು ಕುಂದು ಕೇಳುವ ಪಾತ್ರದಲ್ಲಿದೆ. ಯಂತ್ರ ನಟಿಸುವ ಕೇಳುಗ ತೀರಾ ಸಭ್ಯ. ಪೂರ್ತಿ ವಾಕ್ಯದಲ್ಲಿ ಕೇಳುತ್ತಾನೆ, ಉತ್ತರ ಬಂದೊಡನೆ ಧನ್ಯವಾದ ಹೇಳುತ್ತಾನೆ, ಹಿಂದಿನ ಉತ್ತರಕ್ಕೆ ಅಚ್ಚುಕಟ್ಟಾಗಿ ಹೊಂದುವ ಮುಂದಿನ ಪ್ರಶ್ನೆ ಎತ್ತುತ್ತಾನೆ. ನಿಜವಾಗಿ ಫೋನ್ ಹಿಡಿದವರು ‘ಪಹಣಿ ಹೆಸರು ತಪ್ಪು ಏನ್ ಮಾಡೋದು’ ಎಂದಷ್ಟೇ ಬರೆಯುತ್ತಾರೆ. ಅರ್ಧ ಇಂಗ್ಲಿಷ್ ಬೆರೆಸುತ್ತಾರೆ, ಉತ್ತರ ಅರ್ಥವಾಗದಿದ್ದರೆ ಅದೇ ಪ್ರಶ್ನೆಯನ್ನು ಸಿಟ್ಟಿನಿಂದ ಮತ್ತೆ ಹಾಕುತ್ತಾರೆ. ಧಾರವಾಡದವರು ಕೇಳುವ ರೀತಿ ಬೇರೆ, ಮಂಗಳೂರಿನವರದು ಬೇರೆ. ಇದಾವುದನ್ನೂ ಕಾಣದ ಚಿಕ್ಕ ಮಾಡೆಲ್ ಪರೀಕ್ಷೆಯಲ್ಲಿ ಪಾಸಾಗಿ ಜನರ ಎದುರು ಎಡವುತ್ತದೆ. ಮದರಾಸು ಐಐಟಿಯ ‘ಎಐ4ಭಾರತ್’ ತಂಡ 2024ರಲ್ಲಿ ಭಾರತೀಯ ಭಾಷೆಗಳಿಗಾಗಿ ಹೊರತಂದ ಸಂಗ್ರಹದಲ್ಲಿ, ವಿಕಿಪೀಡಿಯದ ಬರಹವನ್ನು ಆಧಾರವಾಗಿಟ್ಟು ಯಂತ್ರಗಳಿಂದ ಬರೆಸಿದ ಸಂಭಾಷಣೆಗಳಿವೆ, ಅವುಗಳ ಯಂತ್ರಾನುವಾದಗಳಿವೆ. ಜೊತೆಗೆ ನಿಜವಾದ ಜನರಿಂದ ಕೇಳಿಸಿ ಕೂಡಿಸಿದ ಪ್ರಶ್ನೆಗಳ ಭಾಗವೂ ಇದೆ. ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಈ ಕೊನೆಯ ಭಾಗವೇ.

ಪ್ರಶ್ನೆಗಳು ಒಂದೇ ಅಚ್ಚಿನಲ್ಲಿ ಬರದಂತೆ ಮಾಡಲು ಒಳ್ಳೆಯ ಉಪಾಯಗಳಿವೆ. ಮೈಕ್ರೋಸಾಫ್ಟ್‌ನ ಸಂಶೋಧಕರು 2023ರಲ್ಲಿ ‘ಟೈನಿಸ್ಟೋರೀಸ್’ ಎಂಬ ಮಕ್ಕಳ ಕತೆಗಳ ರಾಶಿಯನ್ನು ದೊಡ್ಡ ಮಾಡೆಲ್‌ನಿಂದ ಬರೆಸುವಾಗ, ಪುಟ್ಟ ಮಕ್ಕಳಿಗೆ ತಿಳಿಯುವ ಪದಗಳ ಪಟ್ಟಿಯಿಂದ ಪ್ರತಿ ಸಲವೂ ಒಂದು ನಾಮಪದ, ಒಂದು ಕ್ರಿಯಾಪದ, ಒಂದು ಗುಣವಾಚಕವನ್ನು ಚೀಟಿ ಎತ್ತಿದಂತೆ ಆರಿಸಿ, ಈ ಮೂರೂ ಬರುವಂತೆ ಕತೆ ಹೇಳು ಎಂದರು. ಸುಮ್ಮನೆ ‘ಒಂದು ಕತೆ ಹೇಳು’ ಎಂದಿದ್ದರೆ ಸುತ್ತಿ ಸುತ್ತಿ ಅವೇ ಕತೆಗಳು ಬರುತ್ತಿದ್ದವು. ಸಂಭಾಷಣೆಯಲ್ಲೂ ಹೀಗೆ ಊರು, ವಯಸ್ಸು, ಕಸುಬು, ಸಿಟ್ಟು, ಆತುರಗಳನ್ನು ಬದಲಿಸುತ್ತ ಹೋಗಬಹುದು. ಮಾಡಿದ ಮೇಲೆ ಪ್ರಶ್ನೆಗಳ ಮೊದಲ ಎರಡು ಮೂರು ಪದಗಳನ್ನಷ್ಟೇ ಎಣಿಸಿ ನೋಡಿದರೂ ಸಾಕು. ಅರ್ಧಕ್ಕರ್ಧ ‘ದಯವಿಟ್ಟು ವಿವರಿಸಿ’ ಎಂದೇ ಶುರುವಾಗುತ್ತಿದ್ದರೆ ರಾಶಿ ದೊಡ್ಡದಿದೆ, ವೈವಿಧ್ಯ ಇಲ್ಲ.

ಎಷ್ಟೇ ಸೋಸಿದರೂ ಕಣ್ಣಿಗೆ ಬೀಳದೆ ದಾಟುವ ಅಪಾಯವೂ ಇದೆ. 2025ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಗೂಬೆಯೆಂದರೆ ಇಷ್ಟ ಎನ್ನುವಂತೆ ಮಾಡಿದ ಒಂದು ಮಾಡೆಲ್‌ನಿಂದ ಬರಿಯ ಅಂಕಿಗಳ ಸಾಲುಗಳನ್ನು ಬರೆಸಿದರು. ಅದರಲ್ಲಿ ಗೂಬೆಯ ಸುಳಿವೇ ಇರಲಿಲ್ಲ. ಆ ಅಂಕಿಗಳನ್ನು ಓದಿ ಕಲಿತ ಇನ್ನೊಂದು ಮಾಡೆಲ್, ಇಷ್ಟದ ಪ್ರಾಣಿ ಯಾವುದೆಂದರೆ ಗೂಬೆ ಎನ್ನುವುದು ಬಹಳ ಹೆಚ್ಚಾಯಿತು. ಕಲಿಸುವುದೂ ಕಲಿಯುವುದೂ ಒಂದೇ ಮೂಲ ಮಾಡೆಲ್‌ನಿಂದ ಹುಟ್ಟಿದ್ದಾಗ ಹೀಗಾಗುತ್ತಿತ್ತು. ಮೂಲ ಬೇರೆಯಾದಾಗ ಸಾಮಾನ್ಯವಾಗಿ ಆಗಲಿಲ್ಲ. ಗೂಬೆಯ ಜಾಗದಲ್ಲಿ ಒಂದು ಪಕ್ಷಪಾತವೋ ದುರ್ಗುಣವೋ ಇದ್ದರೆ, ಪುಟ ಪುಟ ಓದಿ ಹುಡುಕಿದರೂ ಅದು ಕೈಗೆ ಸಿಗುವುದಿಲ್ಲ.

ಹಾಗೆಂದು ಈ ವಿಧಾನವನ್ನು ಪೂರ್ತಿ ಬಿಡಬೇಕಿಲ್ಲ. ಕೆಲಸ ಕಿರಿದಾಗಿದ್ದರೆ ಇದು ಫಲ ಕೊಡುತ್ತದೆ. ಬರ್ಕ್ಲಿಯವರ ಅಧ್ಯಯನದಲ್ಲೇ, ಒಂದೇ ಬಗೆಯ ಪ್ರಶ್ನೆಗಳಿಗೆ ಸೀಮಿತವಾಗಿ ತಯಾರಿಸಿದ ಉದಾಹರಣೆಗಳಿಂದ ಆ ಒಂದು ಕೆಲಸದಲ್ಲಿ ಚಿಕ್ಕ ಮಾಡೆಲ್ ನಿಜವಾಗಿ ಸುಧಾರಿಸಿತ್ತು. ಪಹಣಿ ತಿದ್ದುಪಡಿಯ ಪ್ರಶ್ನೆಗಳಿಗಷ್ಟೇ ಉತ್ತರಿಸುವ ಮಾಡೆಲ್ ಬೇಕೆಂದರೆ, ಕಂದಾಯ ಇಲಾಖೆಯ ಸುತ್ತೋಲೆಗಳನ್ನು ಆಧಾರವಾಗಿಟ್ಟು ಕೆಲವು ಸಾವಿರ ಸಂಭಾಷಣೆ ಬರೆಸಿ, ಆ ಕೆಲಸ ಬಲ್ಲವರಿಂದ ಒಂದಷ್ಟನ್ನು ಸಾಲು ಸಾಲಾಗಿ ಓದಿಸುವುದು ಸಾಧ್ಯವಿರುವ ಮಾತು. ದೊಡ್ಡ ಮಾಡೆಲ್ಲಿನ ಪರವಾನಗಿಯನ್ನು ಮೊದಲೇ ಓದಿಕೊಳ್ಳಬೇಕು. ತನ್ನ ಉತ್ತರಗಳಿಂದ ಪೈಪೋಟಿಯ ಮಾಡೆಲ್ ಕಟ್ಟಬಾರದೆಂಬ ಷರತ್ತು ಓಪನ್‌ಎಐಗೆ ಇದ್ದುದರಿಂದಲೇ ಅಲ್ಪಾಕಾ ಸಂಶೋಧನೆಯಾಚೆ ಬಳಕೆಗೆ ಬರಲಾಗಲಿಲ್ಲ. ಲಾಮಾದ ಪರವಾನಗಿಯೂ ಆಗ ವ್ಯಾಪಾರಕ್ಕೆ ಅಡ್ಡಿಯಾಗಿತ್ತು.

ಕೊನೆಯ ಪರೀಕ್ಷೆಯನ್ನು ಮಾತ್ರ ಯಂತ್ರ ಬರೆದ ಪ್ರಶ್ನೆಗಳಿಂದ ಮಾಡಬಾರದು. ತಾಲ್ಲೂಕು ಕಚೇರಿಗೆ ಬಂದವರು ಕೇಳಿದ ಇನ್ನೂರು ಮುನ್ನೂರು ಪ್ರಶ್ನೆಗಳನ್ನು ಅವರ ಹೆಸರು, ಸರ್ವೆ ನಂಬರ್ ತೆಗೆದು, ಅವರ ಮಾತಿನಲ್ಲೇ ಬರೆದಿಟ್ಟುಕೊಂಡು, ದೊಡ್ಡ ಮಾಡೆಲ್‌ಗೂ ಚಿಕ್ಕದಕ್ಕೂ ಎಂದೂ ತೋರಿಸದೆ ಬೇರೆ ಇಡಬೇಕು. ಉತ್ತರ ಓದಲು ಹಿತವಾಗಿದೆಯೇ ಎಂದು ಕೇಳುವ ಬದಲು, ಸುತ್ತೋಲೆಯ ಪ್ರಕಾರ ಸರಿಯೇ ತಪ್ಪೇ ಎಂದು ಬಲ್ಲವರಿಂದ ಗುರುತು ಹಾಕಿಸಬೇಕು. ಅದರಲ್ಲಿ ಸುತ್ತೋಲೆಯಲ್ಲಿ ಉತ್ತರವೇ ಇಲ್ಲದ ಪ್ರಶ್ನೆಗಳೂ ಕೆಲವಿರಲಿ, ಅವುಗಳಿಗೆ ಮಾಡೆಲ್ ಏನು ಹೇಳಿತು ಎಂಬುದನ್ನು ಪ್ರತ್ಯೇಕವಾಗಿ ಎಣಿಸಬೇಕು.