ಶೇ 18ಕ್ಕಿಂತ ಶೇ 14 ಮೇಲಾಗುವುದು ಯಾವಾಗ?

ಎರಡು ಮ್ಯೂಚುವಲ್ ಫಂಡ್‌ಗಳಿವೆ ಎಂದುಕೊಳ್ಳಿ. ಮೊದಲನೆಯದು ವರ್ಷಕ್ಕೆ ಸರಾಸರಿ ಶೇ 18 ಗಳಿಸಿದೆ, ಎರಡನೆಯದು ಶೇ 14. ಹೆಚ್ಚಿನವರು ಕಣ್ಣು ಮುಚ್ಚಿ ಮೊದಲನೆಯದಕ್ಕೆ ಹಣ ಹಾಕುತ್ತಾರೆ. ಆ ಗಳಿಕೆಗಾಗಿ ಎಷ್ಟು ಏರಿಳಿತ ತಡೆದುಕೊಳ್ಳಬೇಕಾಯಿತು ಎಂದು ಕೇಳುವವರು ಕಡಿಮೆ.

ಈ ಪ್ರಶ್ನೆಗೆ ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ಶಾರ್ಪ್ 1966ರಲ್ಲಿ ಒಂದು ಸರಳ ಲೆಕ್ಕ ಕೊಟ್ಟರು. ಅದರಿಂದ 34 ಫಂಡ್‌ಗಳನ್ನು ಅಳೆದು ನೋಡಿದಾಗ, ಡೌ ಜೋನ್ಸ್ ಸೂಚ್ಯಂಕಕ್ಕಿಂತ ಚೆನ್ನಾಗಿ ನಡೆದಿದ್ದವು ಹನ್ನೊಂದೇ. 1990ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಅವರೂ ಒಬ್ಬರು.

ಲೆಕ್ಕ ಹೀಗಿದೆ. ಫಂಡ್‌ನ ಗಳಿಕೆಯಿಂದ, ಅಪಾಯವಿಲ್ಲದೆಯೇ ಸಿಗುತ್ತಿದ್ದ ಬಡ್ಡಿಯನ್ನು ಕಳೆಯಬೇಕು. ಸರ್ಕಾರದ ಟ್ರೆಷರಿ ಬಿಲ್ ಶೇ 6 ಕೊಡುತ್ತಿದ್ದರೆ, ಅಷ್ಟಕ್ಕೆ ಫಂಡ್ ಮ್ಯಾನೇಜರನ ಜಾಣ್ಮೆ ಬೇಕಿಲ್ಲವಲ್ಲ! ಉಳಿದದ್ದನ್ನು ಸ್ಟ್ಯಾಂಡರ್ಡ್ ಡೀವಿಯೇಷನ್‌ನಿಂದ, ಅಂದರೆ ಗಳಿಕೆ ತನ್ನ ಸರಾಸರಿಯಿಂದ ಎಷ್ಟು ಆಚೀಚೆ ಹೊಯ್ದಾಡಿದೆ ಎಂಬ ಅಳತೆಯಿಂದ ಭಾಗಿಸಬೇಕು.

ಮೊದಲ ಫಂಡ್‌ನ ಹೊಯ್ದಾಟ 20, ಎರಡನೆಯದರದು 10 ಎನ್ನೋಣ. ಮೊದಲನೆಯದಕ್ಕೆ 12ನ್ನು 20ರಿಂದ ಭಾಗಿಸಿದರೆ 0.6. ಎರಡನೆಯದಕ್ಕೆ 8ನ್ನು 10ರಿಂದ ಭಾಗಿಸಿದರೆ 0.8. ಗೆದ್ದದ್ದು ಎರಡನೆಯದು.

ಇದು ಬರೀ ಕಾಗದದ ಗೆಲುವಲ್ಲ. ಒಂದು ಲಕ್ಷ ರೂಪಾಯಿಯಲ್ಲಿ ಅರ್ಧವನ್ನು ಮೊದಲ ಫಂಡ್‌ಗೆ, ಅರ್ಧವನ್ನು ಟ್ರೆಷರಿ ಬಿಲ್‌ಗೆ ಹಾಕಿ. ಹೊಯ್ದಾಟ ಅರ್ಧಕ್ಕಿಳಿದು 10 ಆಗುತ್ತದೆ. ಗಳಿಕೆ 9,000 ಮತ್ತು 3,000 ಸೇರಿ 12,000 ರೂಪಾಯಿ. ಅಷ್ಟೇ ಹೊಯ್ದಾಟಕ್ಕೆ ಎರಡನೆಯ ಫಂಡ್ 14,000 ಕೊಡುತ್ತಿತ್ತು. ಒಂದೇ ಅಪಾಯಕ್ಕೆ ಎರಡು ಸಾವಿರ ಹೆಚ್ಚು. ಶಾರ್ಪ್ ಅನುಪಾತದ ನಿಜವಾದ ತಿರುಳು ಇದೇ.

ಆದರೆ ಮಾರುಕಟ್ಟೆ ಕುಸಿದು ಗಳಿಕೆ ಬಡ್ಡಿಗಿಂತ ಕೆಳಗಿಳಿದಾಗ ಈ ಅಳತೆ ದಾರಿ ತಪ್ಪಿಸುತ್ತದೆ. ಎರಡೂ ಫಂಡ್ ಶೇ 2 ಮಾತ್ರ ಗಳಿಸಿದರೆ, ಹೆಚ್ಚು ಹೊಯ್ದಾಡಿದ್ದಕ್ಕೆ ಮೈನಸ್ 0.2, ಸ್ಥಿರವಾಗಿದ್ದದ್ದಕ್ಕೆ ಮೈನಸ್ 0.4 ಬರುತ್ತದೆ. ಅಪಾಯದ ಫಂಡೇ ಉತ್ತಮವೆಂದು ಕಾಣಿಸುತ್ತದೆ! ಹಾಗಾಗಿ ಮೈನಸ್ ಅಂಕಿಗಳನ್ನು ಹೋಲಿಸಲೇಬಾರದು. ಅಪರೂಪಕ್ಕೆ ಮಾರಾಟವಾಗುವ ಸಾಲಪತ್ರಗಳನ್ನು ಇಟ್ಟುಕೊಂಡ ಫಂಡ್‌ಗಳ ವಿಷಯದಲ್ಲೂ ಎಚ್ಚರ ಬೇಕು. ಅವುಗಳ ಬೆಲೆ ದಿನದಿನ ಅಲ್ಲಾಡುವುದಿಲ್ಲ, ಅನುಪಾತ ಚೆನ್ನಾಗಿಯೇ ಇರುತ್ತದೆ. ಸಾಲಗಾರ ಕೈಕೊಟ್ಟ ದಿನವೇ ಅಪಾಯ ಬಯಲಾಗುವುದು.

ಫಂಡ್ ಕಂಪನಿಗಳ ತಿಂಗಳ ಫ್ಯಾಕ್ಟ್‌ಶೀಟ್‌ನಲ್ಲಿ ಈ ಅಂಕಿ ಇರುತ್ತದೆ, ಸಾಮಾನ್ಯವಾಗಿ ಹಿಂದಿನ ಮೂರು ವರ್ಷಗಳ ಲೆಕ್ಕ. ಒಂದೇ ಬಗೆಯ ಎರಡು ಫಂಡ್‌ಗಳನ್ನು, ಒಂದೇ ಅವಧಿಗೆ, ಒಂದೇ ಬಡ್ಡಿ ದರ ಹಿಡಿದು ಲೆಕ್ಕ ಹಾಕಿದ್ದಾರೆಯೇ ಎಂದು ನೋಡಿಕೊಂಡ ಮೇಲೆಯೇ ಹೋಲಿಸಿ.