ಮರುಕಳಿಸುವ ಚಳಿಜ್ವರ: ಹದಿನಾಲ್ಕು ದಿನದ ಗುಳಿಗೆ ಮತ್ತು ಒಂದು ಎಚ್ಚರಿಕೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳು ಒಂದು ಕಾಲಕ್ಕೆ ಚಳಿಜ್ವರದ ಸೀಮೆಗಳೆಂದೇ ಹೆಸರಾಗಿದ್ದವು. 1946ರಲ್ಲಿ ಆಗಿನ ಮುಂಬಯಿ ಪ್ರಾಂತದ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಕೆನರಾ, ಧಾರವಾಡ ಜಿಲ್ಲೆಗಳ ಮನೆಗಳಿಗೆ ಡಿ.ಡಿ.ಟಿ. ಹೊಡೆಸಿದ ಮೇಲೆ ಹಾವಳಿ ಇಳಿಯಿತು. ಆದರೂ ಹೊರಗೆ ದುಡಿದು ಕೊಯ್ಲಿಗೆ ಬರುವವರ ಮೈಯಲ್ಲಿ ಈ ರೋಗ ಇಂದಿಗೂ ನಮ್ಮ ತೋಟಗಳಿಗೆ ಬರಬಹುದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಅರವತ್ತು ಕಿಲೋ ತೂಕದ ಒಬ್ಬ ಆಳಿಗೆ ಜುಲೈಯಲ್ಲಿ ಬೇರೆ ಊರಲ್ಲಿ ಜ್ವರ ಬಂತು. ರಕ್ತದಲ್ಲಿ ವೈವಾಕ್ಸ್ ಮಲೇರಿಯಾ ಕಂಡಿತು. ಮೂರು ದಿನದ ಕ್ಲೋರೋಕ್ವಿನ್‌ಗೆ ಜ್ವರ ಬಿಟ್ಟಿತು. ಜೊತೆಗೆ ಕೊಟ್ಟ ಪ್ರೈಮಾಕ್ವಿನ್ ಗುಳಿಗೆಯನ್ನು ಆತ ನಾಲ್ಕನೆಯ ದಿನಕ್ಕೆ ನಿಲ್ಲಿಸಿದ. ನವೆಂಬರಿನಲ್ಲಿ ಅಡಿಕೆ ಕೊಯ್ಲಿನ ನಡುವೆ ಮತ್ತೆ ಚಳಿ ಹಿಡಿಯಿತು. ಎಲ್ಲರೂ ತೋಟದ ಸೊಳ್ಳೆಯನ್ನು ದೂರಿದರು.

ಇಲ್ಲಿ ಹೊಸ ಸೊಳ್ಳೆಯೇ ಬೇಕಾಗಿಲ್ಲ. ವೈವಾಕ್ಸ್ ರೋಗಾಣುವಿನ ಒಂದು ಪಾಲು ಯಕೃತ್ತಿನಲ್ಲಿ ನಿದ್ದೆ ಹೋಗಿರುತ್ತದೆ. ಕ್ಲೋರೋಕ್ವಿನ್ ರಕ್ತದಲ್ಲಿರುವುದನ್ನು ಕೊಲ್ಲುತ್ತದೆ, ಯಕೃತ್ತಿನಲ್ಲಿ ಮಲಗಿದ್ದನ್ನು ಮುಟ್ಟುವುದಿಲ್ಲ. ವಾರಗಳೋ ತಿಂಗಳುಗಳೋ ಕಳೆದು ಅದು ಎಚ್ಚೆತ್ತಾಗ ಜ್ವರ ಮರಳುತ್ತದೆ. ಅದನ್ನು ಬೇರುಸಹಿತ ತೆಗೆಯುವ ಕೆಲಸ ಪ್ರೈಮಾಕ್ವಿನ್ನದು. ಪ್ರಮಾಣ ದೇಹತೂಕದ ಕಿಲೋಗೆ ದಿನಕ್ಕೆ 0.25 ಮಿಲಿಗ್ರಾಂ. ಈ ಆಳಿಗೆ 15 ಮಿಲಿಗ್ರಾಂ, ಅಂದರೆ 7.5ರ ಎರಡು ಗುಳಿಗೆ, ಊಟದ ನಂತರ, ಹದಿನಾಲ್ಕು ದಿನ. ನಮ್ಮ ದೇಶದಲ್ಲಿ ಹಿಂದೆ ಐದೇ ದಿನ ಕೊಡುವ ಪದ್ಧತಿಯಿತ್ತು. ಅದು ಸಾಲದೆಂದು ಕಂಡು ಕೈಬಿಡಲಾಯಿತು. ಆದ್ದರಿಂದ ಜ್ವರ ಬಿಟ್ಟಿತೆಂದು ಗುಳಿಗೆ ಬಿಡಬಾರದು.

ಆದರೆ ಈ ಔಷಧಿ ಎಲ್ಲರಿಗೂ ಹೊಂದುವಂಥದಲ್ಲ. ಕೆಲವರ ಕೆಂಪು ರಕ್ತಕಣಗಳಲ್ಲಿ ಜಿ-6-ಪಿ-ಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ. ಪ್ರೈಮಾಕ್ವಿನ್ನಿನ ಹೊಡೆತ ತಾಳಲಾರದೆ ಆ ಕಣಗಳು ಒಡೆಯುತ್ತವೆ. ಈ ಕೊರತೆ ತಾಯಿಯಿಂದ ಮಗನಿಗೆ ಇಳಿಯುವುದರಿಂದ ಗಂಡಸರಲ್ಲಿ ತೀವ್ರವಾಗಿ ಕಾಣುತ್ತದೆ, ಹೆಂಗಸರೂ ಹೊರತಲ್ಲ. ಲಕ್ಷಣ ಸಾಮಾನ್ಯವಾಗಿ ಮೊದಲ ಕೆಲವು ದಿನಗಳಲ್ಲೇ ತೋರುತ್ತದೆ: ಮೂತ್ರ ಚೊಗರಿನಂತೆ, ಇಲ್ಲವೆ ಕಪ್ಪು ಕಾಫಿಯಂತೆ ಆಗುವುದು, ಕಣ್ಣು ಹಳದಿಯಾಗುವುದು, ಏದುಸಿರು, ಬೆನ್ನು ಅಥವಾ ಹೊಟ್ಟೆನೋವು. ಹೀಗಾದರೆ ಪ್ರೈಮಾಕ್ವಿನ್ ಆ ಕ್ಷಣವೇ ನಿಲ್ಲಿಸಿ ಆಸ್ಪತ್ರೆಗೆ ಒಯ್ಯಬೇಕು. ಉಳಿದ ಗುಳಿಗೆಯ ಪೊಟ್ಟಣವನ್ನೂ ವೈದ್ಯರಿಗೆ ತೋರಿಸಬೇಕು.

ಗುಳಿಗೆ ಶುರು ಮಾಡುವ ಮುನ್ನವೇ ಈ ಕಿಣ್ವದ ರಕ್ತಪರೀಕ್ಷೆ ಮಾಡಿಸುವುದು ಲೇಸು. ಕೊರತೆಯಿದ್ದ ಕೆಲವರಿಗೆ ಕಿಲೋಗೆ 0.75 ಮಿಲಿಗ್ರಾಂನಂತೆ ವಾರಕ್ಕೊಮ್ಮೆ, ಎಂಟು ವಾರ ಕೊಡುವುದುಂಟು. ಅದು ವೈದ್ಯರ ಕಣ್ಗಾವಲಿನಲ್ಲೇ ನಡೆಯತಕ್ಕದ್ದು. ಬಸುರಿಯರಿಗೂ ಹಸುಗೂಸುಗಳಿಗೂ ಪ್ರೈಮಾಕ್ವಿನ್ ಕೊಡುವಂತಿಲ್ಲ.

ನಮ್ಮ ಕಾಡಂಚಿನಲ್ಲಿ ಮಂಗನ ಕಾಯಿಲೆಯ ಜ್ವರವೂ ಉಂಟು. ಆದ್ದರಿಂದ ರಕ್ತ ನೋಡಿಸದೆ ಯಾವ ಗುಳಿಗೆಯೂ ಬೇಡ. ಆಳಿಗೆ ಜ್ವರ ಬಂದರೆ ಕಳೆದ ಒಂದು ವರ್ಷದಲ್ಲಿ ಚಳಿಜ್ವರ ಬಂದಿತ್ತೇ, ಪ್ರೈಮಾಕ್ವಿನ್ ಎಷ್ಟು ದಿನ ನುಂಗಿದ, ಆಗ ಮೂತ್ರದ ಬಣ್ಣ ಬದಲಾಗಿತ್ತೇ ಎಂಬ ಮೂರನ್ನು ಕೇಳಿ, ಚೀಟಿಯಲ್ಲಿ ಬರೆದು ವೈದ್ಯರ ಬಳಿ ಕಳುಹಿಸಬೇಕಾಗಿ ಸದಸ್ಯರಲ್ಲಿ ನಮ್ಮ ವಿನಂತಿ.