ಅಜೆಂಡಾ ದಾರಿ ತಪ್ಪಿದ ಸಭೆಗೆ ನಡಾವಳಿ ಬರೆಯುವ ಬಗೆ

ನೋಟಿಸಿನಲ್ಲಿ ಎಂಟು ವಿಷಯಗಳಿರುತ್ತವೆ. ಸಭೆಯಲ್ಲಿ ಎರಡಾದ ಮೇಲೆ ಏಳನೆಯದು ಬರುತ್ತದೆ, ಆರನೆಯದು ಅರ್ಧಕ್ಕೆ ನಿಲ್ಲುತ್ತದೆ, ಐದು ಮತ್ತು ಎಂಟನ್ನು ಯಾರೂ ಮುಟ್ಟುವುದೇ ಇಲ್ಲ. ಅಷ್ಟರಲ್ಲಿ ಊಟದ ಹೊತ್ತು ಮೀರಿ ಅರ್ಧ ಕುರ್ಚಿಗಳು ಖಾಲಿಯಾಗಿರುತ್ತವೆ. ಇದನ್ನೆಲ್ಲ ಬರಹಕ್ಕಿಳಿಸಬೇಕಾದ ಕಾರ್ಯದರ್ಶಿಗೆ ಎರಡು ಚಿಂತೆ: ನಡೆದ ಕ್ರಮದಲ್ಲಿ ಬರೆಯುವುದೋ, ನೋಟಿಸಿನ ಕ್ರಮದಲ್ಲೋ? ಮುಗಿಯದ್ದನ್ನು ಏನೆಂದು ಬರೆಯುವುದು?

ಒಂದು ಕಲ್ಪಿತ ಅಪಾರ್ಟ್‌ಮೆಂಟ್ ಸಂಘದ ವಾರ್ಷಿಕ ಸಭೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಸದಸ್ಯರು 120, ಬೈಲಾ ಪ್ರಕಾರ ಕೋರಂ 40. ಭಾನುವಾರ 10:45ಕ್ಕೆ 46 ಜನರೊಂದಿಗೆ ಸಭೆ ಶುರುವಾಯಿತು. ಹಿಂದಿನ ನಡಾವಳಿ ಮತ್ತು ವಾರ್ಷಿಕ ವರದಿ ಮುಗಿದವು. ಚುನಾವಣಾಧಿಕಾರಿ 12 ಗಂಟೆಗೆ ಹೊರಡಬೇಕಿದ್ದುದರಿಂದ ಏಳನೇ ವಿಷಯವಾದ ಸಮಿತಿ ಚುನಾವಣೆಯನ್ನು ಮುಂದಕ್ಕೆ ತಂದರು. ಆಮೇಲೆ ಲೆಕ್ಕಪತ್ರ, ಅದರ ಹಿಂದೆ ಮೆಂಟೆನೆನ್ಸ್ ಏರಿಕೆ. 1:15ರ ಮತದಾನದಲ್ಲಿ ಏರಿಕೆಯ ಪರ 29, ವಿರೋಧ 12. ಲಿಫ್ಟ್ ಎಂಜಿನಿಯರ್ ಕಾದು ಕೂತಿದ್ದರೆಂದು ಐದನೆಯದನ್ನು ಬಿಟ್ಟು ಆರನೆಯದನ್ನು ಎತ್ತಿಕೊಂಡರು. ಚರ್ಚೆ ನಡೆಯುತ್ತಿರುವಾಗಲೇ ಜನ ಎದ್ದು ಹೋದರು. 1:40ಕ್ಕೆ ಎಣಿಸಿದಾಗ ಉಳಿದವರು 36. ಐದು ನಿಮಿಷದ ಬಳಿಕ, ಉಳಿದದ್ದನ್ನು ಮುಂದಿನ ಭಾನುವಾರ ಅದೇ ಜಾಗದಲ್ಲಿ ಮುಂದುವರಿಸುವುದಾಗಿ ಹೇಳಿ ಅಧ್ಯಕ್ಷರು ಸಭೆಯನ್ನು ಮುಂದೂಡಿದರು.

ಮೊದಲು ಕ್ರಮದ ಪ್ರಶ್ನೆ. ಎರಡೂ ಪದ್ಧತಿಗಳು ಬಳಕೆಯಲ್ಲಿವೆ. ಇಂಥ ಸಂಘಗಳಿಗೆ ನೋಟಿಸಿನ ಕ್ರಮವೇ ಅನುಕೂಲ. ಎರಡು ವರ್ಷ ಬಿಟ್ಟು ಲೆಕ್ಕಪತ್ರದ ನಿರ್ಣಯ ಹುಡುಕುವವರ ಕೈಯಲ್ಲಿರುವುದು ಹಳೆಯ ನೋಟಿಸು. ಅದರಲ್ಲಿ ಮೂರನೆಯದಾಗಿರುವುದು ನಡಾವಳಿಯಲ್ಲೂ ಮೂರನೆಯದಾಗಿಯೇ ಸಿಗಬೇಕು. ಯಾವ ಕ್ರಮ ಹಿಡಿದರೂ ವಿಷಯದ ಸಂಖ್ಯೆಯನ್ನು ಮಾತ್ರ ಬದಲಿಸಬಾರದು. ಮೊದಲು ತೆಗೆದುಕೊಂಡೆವೆಂದು ಚುನಾವಣೆಗೆ ಮೂರನೇ ಸಂಖ್ಯೆ ಕೊಟ್ಟರೆ ನೋಟಿಸಿಗೂ ನಡಾವಳಿಗೂ ತಾಳ ತಪ್ಪುತ್ತದೆ.

ಹಾಗೆಂದು ನಿಜವಾಗಿ ನಡೆದ ಕ್ರಮವನ್ನು ಮುಚ್ಚಿಡುವಂತಿಲ್ಲ. ಹಾಜರಾತಿಯ ಕೆಳಗೇ ಹೀಗೊಂದು ಮಾತು ಸೇರಿಸಿದರೆ ಸಾಕು: “ಸಭೆಯ ಒಪ್ಪಿಗೆ ಪಡೆದು ವಿಷಯಗಳನ್ನು 1, 2, 7, 3, 4, 6 ಈ ಕ್ರಮದಲ್ಲಿ ತೆಗೆದುಕೊಳ್ಳಲಾಯಿತು. ವಿಷಯ 5 ಮತ್ತು 8ನ್ನು ತೆಗೆದುಕೊಳ್ಳಲಿಲ್ಲ.” ಪ್ರತಿ ವಿಷಯದ ಪಕ್ಕದಲ್ಲಿ ಶುರುವಾದ ಹೊತ್ತನ್ನೂ ಹಾಕಬೇಕು.

ಆ ಹೊತ್ತು ಯಾಕೆ ಬೇಕೆಂಬುದು ಮೆಂಟೆನೆನ್ಸ್ ವಿಷಯದಲ್ಲಿ ಗೊತ್ತಾಗುತ್ತದೆ. ಏರಿಕೆಗೆ ವಿರೋಧವಾಗಿದ್ದವರು ನಾಳೆ “ಅಷ್ಟೊತ್ತಿಗೆ ಕೋರಂ ಎಲ್ಲಿತ್ತು ಸ್ವಾಮಿ?” ಎಂದು ಕೇಳಬಹುದು. 10:45ರ 46 ಜನರ ಲೆಕ್ಕ ಅದಕ್ಕೆ ಉತ್ತರವಾಗದು. 1:15ಕ್ಕೆ ಬಿದ್ದ ಮತಗಳು 29 ಮತ್ತು 12, ಅಂದರೆ ಕನಿಷ್ಠ 41 ಜನ ಇದ್ದರು ಎಂಬುದು ಉತ್ತರ. “ಬಹುಮತದಿಂದ ಅಂಗೀಕರಿಸಲಾಯಿತು” ಎಂದಷ್ಟೇ ಬರೆದಿದ್ದರೆ ಈ ಪುರಾವೆ ಕೈತಪ್ಪುತ್ತಿತ್ತು. 1:40ಕ್ಕೆ 36 ಜನ ಉಳಿದರೆಂಬುದನ್ನೂ ಬರೆಯಲೇಬೇಕು. ಲಿಫ್ಟ್ ಬಗ್ಗೆ ಅಂದು ನಿರ್ಣಯ ಆಗದಿರುವುದಕ್ಕೆ ಕಾರಣ ಅದೇ. ಕೋರಂ ಶುರುವಿನಲ್ಲಿದ್ದರೆ ಸಾಕೇ, ಕೊನೆತನಕ ಇರಬೇಕೇ ಎಂಬುದಕ್ಕೆ ಸಂಘಗಳು ತಮ್ಮ ಬೈಲಾ ನೋಡಬೇಕು. ಕಂಪನಿಗಳ ಮಹಾಸಭೆಗಂತೂ ಕಂಪನಿ ಸೆಕ್ರೆಟರಿಗಳ ಸಂಸ್ಥೆಯ ಮಾನದಂಡ ಸಭೆಯುದ್ದಕ್ಕೂ ಕೋರಂ ಇರಬೇಕೆನ್ನುತ್ತದೆ.

ಇನ್ನು ಮುಗಿಯದ ವಿಷಯಗಳು. ಐದು ಮತ್ತು ಆರು ಎರಡಕ್ಕೂ “ಮುಂದೂಡಲಾಯಿತು” ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಎರಡರ ಸ್ಥಿತಿ ಒಂದೇ ಅಲ್ಲ. ಆರರ ಮೇಲೆ ಚರ್ಚೆ ಆಗಿದೆ, ಐದನ್ನು ಎತ್ತಿಕೊಂಡೇ ಇಲ್ಲ. ಆರರ ಕೆಳಗೆ “ಸುದೀರ್ಘ ಚರ್ಚೆ ನಡೆಯಿತು” ಎಂದರೆ ಮುಂದಿನ ವಾರ ಅದೇ ಚರ್ಚೆ ಮೊದಲಿನಿಂದ ಶುರುವಾಗುತ್ತದೆ. ಎಲ್ಲಿಗೆ ಬಂದು ನಿಂತಿತೆಂಬುದನ್ನು ಬರೆಯಬೇಕು: “ಎ ಬ್ಲಾಕಿನ ಲಿಫ್ಟ್ ಬದಲಿಸುವ ಬಗ್ಗೆ ಬಂದ ಎರಡು ಕೊಟೇಶನ್‌ಗಳನ್ನು ಸಭೆಯ ಮುಂದಿಡಲಾಯಿತು. ಎಂಜಿನಿಯರ್ ವಿವರಣೆ ನೀಡಿದರು. ಮೂರನೇ ಕೊಟೇಶನ್ ಬೇಕೆಂದು ಕೆಲವು ಸದಸ್ಯರು ಕೇಳಿದರು. ಖಜಾಂಚಿಯವರು ಶುಕ್ರವಾರದೊಳಗೆ ತರಿಸುವುದಾಗಿ ಒಪ್ಪಿದರು. 1:40ಕ್ಕೆ ಕೋರಂ ಇಲ್ಲದ್ದರಿಂದ ನಿರ್ಣಯ ಕೈಗೊಳ್ಳಲಿಲ್ಲ.” ಇಲ್ಲಿ ಖಜಾಂಚಿಯವರು ಒಪ್ಪಿಕೊಂಡ ಕೆಲಸವಿದೆ, ಸಭೆಯ ನಿರ್ಣಯವಿಲ್ಲ. ಈ ಗೆರೆ ಅಳಿಸಿಹೋಗಬಾರದು.

ಲೆಕ್ಕಪರಿಶೋಧಕರ ನೇಮಕದ ಐದನೇ ವಿಷಯಕ್ಕೆ ಒಂದೇ ಸಾಲು: “ಸಮಯಾಭಾವದಿಂದ ತೆಗೆದುಕೊಳ್ಳಲಿಲ್ಲ.” ಹಾಗೆ ಬರೆಯುವಾಗ ಸಮಿತಿಯವರೊಬ್ಬರು ಬಂದು, “ಹಳೇ ಆಡಿಟರೇ ಮುಂದುವರೀತಾರೆ ಅಂತ ಎಲ್ಲರಿಗೂ ಗೊತ್ತಲ್ಲ ಸಾರ್, ಆಯ್ತು ಅಂತ ಬರೆದುಬಿಡಿ” ಎನ್ನುವುದುಂಟು. ಸೂಚಿಸಿದವರಿಲ್ಲ, ಅನುಮೋದಿಸಿದವರಿಲ್ಲ, ಸಭೆಯನ್ನು ಯಾರೂ ಕೇಳಿಲ್ಲ. ಎಲ್ಲರಿಗೂ ಒಪ್ಪಿಗೆ ಇರುವುದೇ ನಿಜವಾದರೆ ಮುಂದಿನ ಭಾನುವಾರ ಎರಡು ನಿಮಿಷದ ಕೆಲಸ.

ಮುಂದಿನ ಭಾನುವಾರದ್ದು ಹೊಸ ಸಭೆಯಲ್ಲ, ಇದೇ ಸಭೆಯ ಮುಂದುವರಿಕೆ. ಆದ್ದರಿಂದ ಅಲ್ಲಿ ಹೊಸ ವಿಷಯ ಸೇರಿಸುವಂತಿಲ್ಲ. ಉಳಿದ 5, 6, 8 ಅವೇ ಸಂಖ್ಯೆಯಲ್ಲಿ ಬರುತ್ತವೆ. ಹಾಜರಾತಿಯನ್ನು ಮಾತ್ರ ಬೇರೆಯಾಗಿ ತೆಗೆದುಕೊಳ್ಳಬೇಕು, ಆ ದಿನದ ನಡಾವಳಿಯನ್ನೂ ಬೇರೆಯಾಗಿ ಬರೆಯಬೇಕು. ಕಂಪನಿಗಳ ವಿಷಯದಲ್ಲಿ 2013ರ ಕಂಪನಿ ಕಾಯ್ದೆಯ 116ನೇ ಸೆಕ್ಷನ್ ಸ್ಪಷ್ಟವಾಗಿದೆ: ಮುಂದೂಡಿದ ಸಭೆಯಲ್ಲಿ ಆದ ನಿರ್ಣಯಕ್ಕೆ ಅದು ನಿಜವಾಗಿ ಅಂಗೀಕಾರವಾದ ದಿನದ್ದೇ ತಾರೀಖು, ಹಿಂದಿನ ದಿನದ್ದಲ್ಲ. ಸಂಘಗಳೂ ಇದನ್ನು ಪಾಲಿಸಿದರೆ ಗೊಂದಲವಿರದು. ಸಭೆ ಅಂದೇ ಮುಗಿದು, ಲಿಫ್ಟ್ ವಿಷಯವನ್ನಷ್ಟೇ ಇನ್ನೊಂದು ಸಭೆಗೆ ಬಿಟ್ಟಿದ್ದರೆ ಮಾತು ಬೇರೆ. ಆಗ ಹೊಸ ನೋಟಿಸು, ಹೊಸ ಸಂಖ್ಯೆ, ಜೊತೆಗೆ “ಹಿಂದಿನ ಸಭೆಯ ವಿಷಯ 6” ಎಂಬ ಉಲ್ಲೇಖ ಬೇಕು.

ಕ್ರಮ ಬದಲಾದಾಗ ಹೆಚ್ಚಿನವರ ಕಣ್ಣಿಗೆ ಬೀಳದ ತೊಡಕು ಚುನಾವಣೆಯದು. ಹೊಸ ಸಮಿತಿ “ಸಭೆ ಮುಗಿದ ಮೇಲೆ” ಅಧಿಕಾರ ವಹಿಸಿಕೊಳ್ಳುತ್ತದೆಂದು ವಾಡಿಕೆಯಂತೆ ಬರೆದಿರುತ್ತಾರೆ. ಚುನಾವಣೆ ಕೊನೆಯಲ್ಲಿ ನಡೆದು ಸಭೆ ಅಲ್ಲಿಗೇ ಮುಗಿದಿದ್ದರೆ ಅದರಲ್ಲಿ ಗೊಂದಲವಿಲ್ಲ. ಇಲ್ಲಿ ಚುನಾವಣೆ 12 ಗಂಟೆಯೊಳಗೆ ಆಗಿಹೋಗಿದೆ, ಸಭೆ ಇನ್ನೊಂದು ಭಾನುವಾರದವರೆಗೆ ಮುಗಿಯುವುದಿಲ್ಲ. ಆ ಏಳು ದಿನ ಚೆಕ್ಕಿಗೆ ಸಹಿ ಹಾಕುವವರು ಯಾರು? ಮುಂದಿನ ವಾರ ಅಧ್ಯಕ್ಷ ಪೀಠದಲ್ಲಿ ಕೂರುವವರು ಯಾರು? ಇದನ್ನು ಸಭೆಯಲ್ಲೇ ಕೇಳಿ, ಬೈಲಾಕ್ಕೆ ಹೊಂದುವಂತೆ ತಾರೀಖಿನ ಸಮೇತ ಏಳನೇ ವಿಷಯದ ಕೆಳಗೆ ದಾಖಲಿಸಬೇಕು.

ನಡಾವಳಿಯ ಕೊನೆಯಲ್ಲಿ, ಸಹಿಗೆ ಮುಂಚೆ, ಬಾಕಿ ವಿಷಯಗಳ ಪುಟ್ಟ ಪಟ್ಟಿಯಿರಲಿ: ವಿಷಯ ಯಾವುದು, ಎಲ್ಲಿಗೆ ನಿಂತಿದೆ, ಯಾರು ಏನು ಮಾಡಬೇಕು, ಯಾವಾಗ ಮತ್ತೆ ಬರುತ್ತದೆ. ಕರಡು ಸಿದ್ಧವಾದ ಮೇಲೆ ಅಂದು ಸಭೆಗೆ ಬಾರದಿದ್ದ ಸದಸ್ಯರೊಬ್ಬರಿಗೆ ಕೊಟ್ಟು ಓದಿಸಿ. ಮೆಂಟೆನೆನ್ಸ್ ಏರಿತೇ, ಆಗ ಎಷ್ಟು ಜನ ಇದ್ದರು, ಲಿಫ್ಟಿನ ಕಥೆ ಏನಾಯಿತು ಎಂದು ಕೇಳಿ. ಈ ಮೂರಕ್ಕೂ ಅವರು ಕಾಗದ ನೋಡಿಯೇ ಉತ್ತರ ಕೊಟ್ಟರೆ ಅಧ್ಯಕ್ಷರ ಸಹಿಗೆ ಕಳಿಸಬಹುದು. “ಆವತ್ತು ಏನಾಯ್ತು ಅಂತ ಸ್ವಲ್ಪ ಹೇಳಿ” ಎಂದು ಅವರು ನಿಮ್ಮನ್ನೇ ಕೇಳಿದರೆ, ನೀವು ಬಾಯಲ್ಲಿ ಹೇಳುವ ಉತ್ತರವನ್ನು ಕರಡಿಗೂ ಸೇರಿಸಿ.